ಕನಿಷ್ಠ ಬ್ಯಾಲೆನ್ಸ್ ಶುಲ್ಕ: ಬ್ಯಾಂಕಿಗೆ ಬರೆದ ಪತ್ರ ತಿದ್ದಿಕೊಡಿ

ಪ್ರಶ್ನೆ: ಮೇ ತಿಂಗಳಲ್ಲಿ ಕನಿಷ್ಠ ಬ್ಯಾಲೆನ್ಸ್ ಇರಲಿಲ್ಲವೆಂದು ಜೂನ್ 3ರಂದು 500 ಶುಲ್ಕ, 90 ತೆರಿಗೆ ಮುರಿದುಕೊಂಡಿದ್ದಾರೆ. ನಾನು ಬರೆದದ್ದು: "ನನ್ನ ಖಾತೆಯಲ್ಲಿ ಯಾವಾಗಲೂ 10,000ಕ್ಕಿಂತ ಹೆಚ್ಚು ಇದೆ. ಆದರೂ ಅನ್ಯಾಯವಾಗಿ ದಂಡ ಹಾಕಿದ್ದೀರಿ. ದಯವಿಟ್ಟು 500 ಮನ್ನಾ ಮಾಡಿ." ಸರಿಯಿದೆಯೇ ಸರ್?

ಸದಸ್ಯರೊಬ್ಬರು: ಸ್ಟೇಟ್‌ಮೆಂಟ್ ಲಗತ್ತಿಸಲೇಬೇಕು. ಇಡೀ ವರ್ಷದ್ದು ಹಾಕಿಬಿಡಿ. "ಯಾವಾಗಲೂ" ಅನ್ನೋದು ಹಾಗೇ ಇರಲಿ, ಗಟ್ಟಿಯಾಗಿದೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಸ್ಟೇಟ್‌ಮೆಂಟ್ ಬೇಕು ನಿಜ, ಆದರೆ ಮೇ ತಿಂಗಳದ್ದು ಮತ್ತು ಶುಲ್ಕ ಬಿದ್ದ ಜೂನ್ 3ರ ಪುಟ ಸಾಕು. ವರ್ಷದ್ದು ಕೊಟ್ಟರೆ ನೋಡುವವರಿಗೆ ಬೇಕಾದ ಸಾಲೇ ಸಿಗುವುದಿಲ್ಲ. "ಯಾವಾಗಲೂ" ಮಾತ್ರ ಅಪಾಯ. ಒಂದೇ ದಿನ 10,000ಕ್ಕಿಂತ ಕಡಿಮೆ ಇದ್ದರೂ ಪತ್ರವೇ ಸುಳ್ಳಾಗುತ್ತದೆ. ಇತ್ತೇ?

ಪ್ರಶ್ನೆ ಕೇಳಿದವರು: ನಾಲ್ಕು ದಿನ 4,000 ಇತ್ತು. ಉಳಿದ 27 ದಿನ 12,000. ಶುಲ್ಕ ಪಟ್ಟಿಯಲ್ಲಿ "ಮಾಸಿಕ ಸರಾಸರಿ 10,000" ಎಂದಿದೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಹಾಗಾದರೆ ನಿಮ್ಮ ಬಲ ಇರುವುದು ಸರಾಸರಿಯಲ್ಲಿ. ಪ್ರತಿದಿನ ಕೊನೆಗೆ ಉಳಿದ ಮೊತ್ತಗಳನ್ನು ಕೂಡಿ ದಿನಗಳಿಂದ ಭಾಗಿಸಿ: 3,24,000 ಮತ್ತು 16,000 ಸೇರಿ 3,40,000; 31ರಿಂದ ಭಾಗಿಸಿದರೆ 10,967. ಆ ನಾಲ್ಕು ದಿನ ಮುಚ್ಚಿಡುವ ಅಗತ್ಯವೇ ಇಲ್ಲ.

ಇನ್ನು "ಮನ್ನಾ" ಪದ. ಶುಲ್ಕ ಸರಿ, ದಯೆ ತೋರಿ ಬಿಡಿ ಎಂಬ ಅರ್ಥ ಅದಕ್ಕೆ. ತಪ್ಪು ಅವರದಾದಾಗ ಕೇಳಬೇಕಾದದ್ದು ಮರುಜಮೆ. "ಅನ್ಯಾಯ" ಬೇಡ, ಅಂಕಿಯೇ ಮಾತಾಡಲಿ. ಬರೀ 500 ಎಂದು ಬರೆದರೆ ಅಷ್ಟನ್ನೇ ಕೊಟ್ಟು ತೆರಿಗೆಯನ್ನು ಮರೆಯಬಹುದು. ಹೀಗೆ ಬರೆಯಿರಿ:

"ವಿಷಯ: ಜೂನ್ 3ರಂದು ತಪ್ಪಾಗಿ ಕಡಿತವಾದ 590ರ ಮರುಜಮೆ ಕೋರಿ.
ಮೇ ತಿಂಗಳ ಕನಿಷ್ಠ ಬ್ಯಾಲೆನ್ಸ್ ಶುಲ್ಕವೆಂದು ನನ್ನ ಖಾತೆಯಿಂದ 500 ಹಾಗೂ ತೆರಿಗೆ 90 ಕಡಿತವಾಗಿದೆ. ತಮ್ಮ ಶುಲ್ಕ ಪಟ್ಟಿಯ ಪ್ರಕಾರ ಮಾಸಿಕ ಸರಾಸರಿ 10,000 ಇರಬೇಕು. ಲಗತ್ತಿಸಿದ ಸ್ಟೇಟ್‌ಮೆಂಟಿನಂತೆ ನನ್ನ ಸರಾಸರಿ 10,967. ದಯವಿಟ್ಟು ಪರಿಶೀಲಿಸಿ ಎರಡೂ ಮೊತ್ತವನ್ನು ಮರುಜಮೆ ಮಾಡಬೇಕಾಗಿ ಕೋರುತ್ತೇನೆ. ತಮ್ಮ ಲೆಕ್ಕದಲ್ಲಿ ಸರಾಸರಿ ಬೇರೆ ಬಂದಿದ್ದರೆ ಅದರ ವಿವರ ಕೊಡಿ."

ಮೇಲೆ ಖಾತೆ ಸಂಖ್ಯೆ, ಕೆಳಗೆ ಸಹಿ, ಲಗತ್ತುಗಳ ಪಟ್ಟಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ.

ಇನ್ನೊಬ್ಬರು: ನಾನು ಕ್ರೆಡಿಟ್ ಕಾರ್ಡ್ ಬಿಲ್ ಒಂದು ವಾರ ತಡವಾಗಿ ಕಟ್ಟಿದೆ, ಲೇಟ್ ಫೀ ಬಿತ್ತು. ಇದೇ ಪತ್ರ ನಡೆಯುತ್ತಾ?

ನಿವೃತ್ತ ಬ್ಯಾಂಕ್ ಅಧಿಕಾರಿ: ಇಲ್ಲ. ತಡವಾದದ್ದು ನಿಜವಾದರೆ ಅಲ್ಲಿ "ಮನ್ನಾ" ಎಂಬುದೇ ಸರಿಯಾದ ಪದ. ಹಿಂದಿನ ಬಿಲ್ಲುಗಳನ್ನು ಸಮಯಕ್ಕೆ ಕಟ್ಟಿದ್ದರೆ ಅದನ್ನು ತೋರಿಸಿ ಕೇಳಿ.

ಪ್ರಶ್ನೆ ಕೇಳಿದವರು: ಕೊನೆಗೆ "ಇಲ್ಲವಾದರೆ ಮನ್ನಾನಾದರೂ ಮಾಡಿ" ಅಂತ ಸೇರಿಸಲೇ?

ಸದಸ್ಯರೊಬ್ಬರು: ಸೇರಿಸಿ, ಎರಡೂ ದಾರಿ ತೆರೆದಿರಲಿ.

ನಿವೃತ್ತ ಬ್ಯಾಂಕ್ ಅಧಿಕಾರಿ: ನಾನಾದರೆ ಮೊದಲ ಪತ್ರದಲ್ಲಿ ಸೇರಿಸುವುದಿಲ್ಲ. ಅವರು ಸುಲಭದ ದಾರಿ ಹಿಡಿದು ಮನ್ನಾ ಎಂದು ಹಣ ಕೊಟ್ಟರೆ, ಲೆಕ್ಕದ ತಪ್ಪು ಹಾಗೇ ಉಳಿದು ಮುಂದಿನ ತಿಂಗಳು ಮತ್ತೆ ಶುಲ್ಕ ಬೀಳಬಹುದು.