ಎರಡು ಮೊಬೈಲ್, ನಾಲ್ಕು ಸಾವಿರ ರೂಪಾಯಿ: ಡಾಕ್ಯುಮೆಂಟರಿಗೆ ಯಾವ ವಿಷಯ?

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ ಕಡೆ): ಸರ್, ನಮ್ಮ ಫಿಲ್ಮ್ ಕ್ಲಬ್ಬಿನಲ್ಲಿ ಆರು ಜನ ಇದ್ದೇವೆ. ಎರಡು ಮೊಬೈಲ್, ಒಂದು ಹಳೇ ಟ್ರೈಪಾಡ್, ನಾಲ್ಕು ಸಾವಿರ ರೂಪಾಯಿ ಇದೆ. ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡಬೇಕು. ಎಂಡೋಸಲ್ಫಾನ್, ಗಡಿನಾಡ ಕನ್ನಡ, ಯಕ್ಷಗಾನ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಅಗೆಯುವ ನಮ್ಮ ಕಡೆಯ ಸುರಂಗ, ಇಷ್ಟು ಮನಸ್ಸಿನಲ್ಲಿವೆ. ಯಾವುದು ಒಳ್ಳೆಯದು?

ಉತ್ತರ (ಡಾಕ್ಯುಮೆಂಟರಿ ಛಾಯಾಗ್ರಾಹಕರು): ಸುರಂಗ ಮಾಡಿ. ಎಂಡೋಸಲ್ಫಾನ್ ಬಾಧಿತ ಮನೆಗಳವರು ಎಷ್ಟೋ ಕ್ಯಾಮೆರಾಗಳ ಮುಂದೆ ಹೇಳಿದ್ದನ್ನೇ ಹೇಳಿ ಬೇಸತ್ತಿದ್ದಾರೆ. ಮೊದಲ ಚಿತ್ರಕ್ಕೆ ಅವರ ಬಾಗಿಲು ತಟ್ಟಬೇಡಿ. ಗಡಿನಾಡ ಕನ್ನಡ ಎಂದರೆ ಕುರ್ಚಿಯಲ್ಲಿ ಕೂತು ಮಾತಾಡುವವರೇ ಜಾಸ್ತಿ, ನೋಡಲು ಏನೂ ಸಿಗುವುದಿಲ್ಲ. ಯಕ್ಷಗಾನದಲ್ಲಿ ಚೆಂಡೆ ಬಿದ್ದ ಕೂಡಲೇ ಮೊಬೈಲ್ ಮೈಕಿನ ಧ್ವನಿ ಒಡೆಯುತ್ತದೆ.

ಆದರೆ ‘ಸುರಂಗಗಳ ಇತಿಹಾಸ’ ಅಂತ ಹೊರಡಬೇಡಿ. ಬಾಯಾರು, ಎಣ್ಮಕಜೆ ಕಡೆ ಈಗಲೂ ಸುರಂಗದ ನೀರನ್ನೇ ನಂಬಿದ ಒಂದು ಮನೆ ಹಿಡಿಯಿರಿ. ಬೇಸಗೆಯಲ್ಲಿ ಆ ನೀರು ಅಡುಗೆಮನೆಗೆಷ್ಟು, ಹಟ್ಟಿಗೆಷ್ಟು, ಅಡಿಕೆ ತೋಟಕ್ಕೆಷ್ಟು? ಯಾರು ಹಂಚುತ್ತಾರೆ? ಇಷ್ಟೇ ನಿಮ್ಮ ಚಿತ್ರ.

ಒಂದು ಶಾಟ್ ಮಾತ್ರ ಬಿಡಬೇಡಿ. ಸುರಂಗದ ನೀರು ಪೈಪಿನಲ್ಲಿ ಬಂದು ಬೀಳುವಲ್ಲಿ ಕೊಡಪಾನ ಇಟ್ಟು, ತುಂಬುವವರೆಗೆ ಕಟ್ ಮಾಡದೆ ತೆಗೆಯಿರಿ. ಜನವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ. ಅದೇ ಕೊಡಪಾನ, ಅದೇ ಜಾಗ. ಟ್ರೈಪಾಡಿನ ಮೂರು ಕಾಲಿಗೂ ಕಲ್ಲಿಟ್ಟು ಗುರುತು ಮಾಡಿ, ಎತ್ತರ ಅಳೆದು ಬರೆದಿಡಿ. ಎಡಿಟಿಂಗಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ನೀರು ಎಷ್ಟು ಇಳಿದಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಮದುವೆ ವಿಡಿಯೊ ಮಾಡುವವರು, ಕುಂಬಳೆ: ಮಳೆಗಾಲದಲ್ಲಿ ತೆಗೆಯಿರಿ. ನೀರು ಧಾರಾಳ, ಹಸಿರು ಚೆನ್ನಾಗಿ ಬರುತ್ತದೆ. ಸುರಂಗದ ಒಳಗೆ ದೊಡ್ಡ ಎಲ್‌ಇಡಿ ಲೈಟ್ ಹಿಡಿದುಕೊಂಡು ಹೋದರಾಯಿತು.

ಉತ್ತರ: ಹಸಿರಿನ ಮಾತು ನಿಜ. ಒಂದೆರಡು ಶಾಟ್ ಮಳೆಗಾಲದ್ದು ಇರಲಿ. ಆದರೆ ಎಲ್ಲೆಲ್ಲೂ ನೀರಿರುವಾಗ ಸುರಂಗದ ಬೆಲೆ ಕಾಣುವುದಿಲ್ಲ, ಮಳೆ ಸದ್ದಿನಲ್ಲಿ ಮಾತೂ ಕೇಳುವುದಿಲ್ಲ. ನೆನೆದ ಮಣ್ಣು ಕುಸಿಯಲೂಬಹುದು.

ಒಳಗೆ ಹೋಗುವುದಂತೂ ಬೇಡವೇ ಬೇಡ. ಒಬ್ಬರು ನಡೆಯುವಷ್ಟೇ ಅಗಲ, ಹಾವು ಬಾವಲಿಗಳೂ ಇರುತ್ತವೆ. ಅಗೆಯುವವರು ಮೊಂಬತ್ತಿ ಉರಿಸಿಕೊಂಡು ಹೋಗುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ. ಬತ್ತಿ ಮಂಕಾದರೆ ಗಾಳಿ ಸಾಲದು, ಹೊರಗೆ ಬರಬೇಕು ಅಂತ. ಕ್ಯಾಮೆರಾ ಸುರಂಗದ ಬಾಯಲ್ಲೇ ನಿಲ್ಲಲಿ. ನೀರಿನ ಕಟ್ಟ ನೋಡಲು ಮನೆಯವರು ಹೇಗೂ ಒಳಗೆ ಹೋಗುತ್ತಾರಲ್ಲ, ಅವರ ಹಣೆಯ ಟಾರ್ಚ್ ಬೆಳಕಿನಲ್ಲೇ ಮುರಕಲ್ಲಿನ ಗೋಡೆ ಕಾಣುತ್ತದೆ. ಆ ಪಿಕ್ಕಾಸಿನ ಗೀರುಗಳು ಬಹಳ ಚಂದ.

ಮಧ್ಯಾಹ್ನ ತೆಗೆದರೆ ಹೊರಗೆಲ್ಲ ಬೆಳ್ಳಗೆ, ಒಳಗೆಲ್ಲ ಕಪ್ಪು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಹೊರಗಿನ ಬೆಳಕು ಟಾರ್ಚಿನ ಮಟ್ಟಕ್ಕೆ ಇಳಿಯುತ್ತದೆ. ಆಗ ಮೊಬೈಲ್ ಪರದೆಯಲ್ಲಿ ಕಾಣುವ ಗೋಡೆಯ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಲಾಕ್ ಮಾಡಿ. ಇಲ್ಲದಿದ್ದರೆ ಅವರು ತಲೆ ತಿರುಗಿಸಿದಾಗಲೆಲ್ಲ ಚಿತ್ರ ಬೆಳಗುತ್ತದೆ, ಕಂತುತ್ತದೆ.

ಬಾಯಾರಿನ ಕೃಷಿಕರು: ನಮ್ಮ ಸುರಂಗದಲ್ಲಿ ಏಪ್ರಿಲಿಗೇ ನೀರು ನೂಲಿನಷ್ಟಾಗುತ್ತದೆ ಮಾರಾಯ್ರೇ. ಮೇಲಿನ ಜಾಗದಲ್ಲಿ ಬೋರ್‌ವೆಲ್ ಆದ ಮೇಲೆ ಹೀಗೆ. ಇನ್ನೂ ಉದ್ದ ಅಗೆಸಿದರೆ ಸಿಗಬಹುದಾ?

ಉತ್ತರ: ಅದನ್ನು ಅಗೆದು ಗೊತ್ತಿರುವವರು ಬಂದು ನೋಡಿಯೇ ಹೇಳಬೇಕಣ್ಣ, ಕ್ಯಾಮೆರಾದವನಾದ ನಾನು ಹೇಳಬಾರದು. ತಂಗೀ, ಚಿತ್ರದಲ್ಲೂ ‘ಬೋರ್‌ವೆಲ್ಲಿನಿಂದಲೇ ಬತ್ತಿತು’ ಅಂತ ನೀವಾಗಿ ಹೇಳಬೇಡಿ. ಮಳೆ ಕಡಿಮೆಯಾಗಿರಬಹುದು, ಒಳಗೆ ಮಣ್ಣು ಜರಿದಿರಬಹುದು. ಮನೆಯವರು ಹಾಗೆ ಹೇಳಿದರೆ ಅವರ ಮಾತಾಗಿಯೇ ಇರಲಿ, ಬೋರ್‌ವೆಲ್ ಮನೆಯವರನ್ನೂ ಕೇಳಿ.

ವಿದ್ಯಾರ್ಥಿನಿ: ದುಡ್ಡು ಯಾವುದಕ್ಕೆ ಹಾಕಲಿ ಸರ್? ಗಿಂಬಲ್ ಬಾಡಿಗೆಗೆ ಸಿಗುತ್ತದೆ.

ಉತ್ತರ: ಬೇಡ. ವೈರಿನ ಕಾಲರ್ ಮೈಕ್ ಒಂದು ತೆಗೆದುಕೊಳ್ಳಿ. ಅದನ್ನು ಎರಡನೇ ಮೊಬೈಲಿಗೆ ಸಿಕ್ಕಿಸಿ, ಏರ್‌ಪ್ಲೇನ್ ಮೋಡ್ ಹಾಕಿ, ಮಾತಾಡುವವರ ಜೇಬಿನಲ್ಲಿಡಿ. ಎರಡೂ ಶುರುವಾದ ಮೇಲೆ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಧ್ವನಿ ಕೂಡಿಸುವುದು ಸುಲಭ. ನೀರು ತೊಟ್ಟಿಕ್ಕುವ ಸದ್ದನ್ನು ಬೇರೆಯೇ ಎರಡು ನಿಮಿಷ ರೆಕಾರ್ಡ್ ಮಾಡಿ. ಉಳಿದ ದುಡ್ಡು ಬಸ್ಸಿಗೆ, ಊಟಕ್ಕೆ. ಮೊದಲ ಸಲ ಹೋಗುವಾಗ ಕ್ಯಾಮೆರಾ ತೆಗೆಯಲೇಬೇಡಿ. ಸುಮ್ನೆ ಕೂತು ಮಾತಾಡಿ, ಒಪ್ಪಿಗೆ ಕೇಳಿ.

ನಿವೃತ್ತ ಅಧ್ಯಾಪಕಿ, ಬದಿಯಡ್ಕ: ಹಿನ್ನೆಲೆಯಲ್ಲಿ ಒಳ್ಳೆಯ ಕನ್ನಡದ ನಿರೂಪಣೆ ಇರಲಿ. ಮನೆಯವರು ತುಳುವಿನಲ್ಲೋ ಹವ್ಯಕದಲ್ಲೋ ಮಾತಾಡಿದರೆ ಎಲ್ಲರಿಗೂ ಅರ್ಥವಾಗಬೇಕಲ್ಲ?

ಉತ್ತರ: ಟೀಚರೇ, ನನಗಾದರೆ ಅವರವರ ಮನೆಮಾತೇ ಇರಲಿ, ಕೆಳಗೆ ಕನ್ನಡ, ಮಲಯಾಳ ಅಕ್ಷರ ಹಾಕಲಿ ಅನಿಸುತ್ತದೆ.

ಅಧ್ಯಾಪಕಿ: ಅಜ್ಜ ಅಜ್ಜಿಯರು ಅಷ್ಟು ಬೇಗ ಓದುವುದಿಲ್ಲಪ್ಪ. ನಾನು ಒಪ್ಪುವುದಿಲ್ಲ.

ವಿದ್ಯಾರ್ಥಿನಿ: ನಮ್ಮಲ್ಲಿ ಒಬ್ಬನ ಅಜ್ಜನ ಮನೆಯಲ್ಲೇ ಸುರಂಗ ಇದೆಯಂತೆ. ಭಾನುವಾರ ಹೋಗಿ ಕೇಳುತ್ತೇವೆ. ಭಾಷೆಯ ವಿಷಯ ಅವರ ಮಾತು ಕೇಳಿದ ಮೇಲೆ ನೋಡುತ್ತೇವೆ ಟೀಚರ್.