ಶಿವಾಜಿ ಹುಟ್ಟಿದ್ದು 1627ರಲ್ಲೋ 1630ರಲ್ಲೋ? ಹಳೆಯ ತಿಥಿಗಳನ್ನು ಪರೀಕ್ಷಿಸುವ ಬಗೆ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಬೆಳಗಾವಿ ಜಿಲ್ಲೆ): ನಮ್ಮ ಶಾಲೆಯ ಗ್ರಂಥಾಲಯದಲ್ಲಿರುವ ಎರಡು ಪುಸ್ತಕಗಳ ಪೈಕಿ ಒಂದರಲ್ಲಿ ಛತ್ರಪತಿ ಶಿವಾಜಿ 1627ರ ಏಪ್ರಿಲ್‌ನಲ್ಲಿ ಹುಟ್ಟಿದರೆಂದಿದೆ, ಇನ್ನೊಂದರಲ್ಲಿ 1630ರ ಫೆಬ್ರವರಿ 19 ಎಂದಿದೆ. ಎರಡೂ ಹಳೆಯ ದಾಖಲೆಗಳನ್ನೇ ಆಧಾರವಾಗಿ ಹೇಳುತ್ತವೆ. ಒಬ್ಬ ಪ್ರಸಿದ್ಧ ರಾಜನ ಹುಟ್ಟಿನಲ್ಲಿ ಸುಮಾರು ಮೂರು ವರ್ಷಗಳ ಅಂತರ ಹೇಗೆ ಬರುತ್ತದೆ? ಯಾವುದು ಹೆಚ್ಚು ಸಂಭವನೀಯ ಎಂದು ಮಕ್ಕಳಿಗೆ ಕಾರಣಸಹಿತ ಹೇಳುವುದು ಹೇಗೆ?

ಉತ್ತರ (ಶಾಸನ ಮತ್ತು ಕಾಲಗಣನೆಯ ಅಧ್ಯಾಪಕರು): ಮೇಡಂ, ಮೊದಲು ಆ ಎರಡು ಪುಸ್ತಕಗಳ ಹಿಂದಿರುವ ಮೂಲಗಳನ್ನು ಬೇರೆ ಬೇರೆಯಾಗಿ ನೋಡೋಣ. ಯಾವ ಮೂಲದಲ್ಲೂ 1627 ಅಥವಾ 1630 ಎಂಬ ಇಸವಿ ಇಲ್ಲ; ಇರುವುದು ಶಕವರ್ಷ, ಮಾಸ, ಪಕ್ಷ, ತಿಥಿ. 1627 ಎಂಬುದು ಶಕ 1549ರ ವೈಶಾಖ ಶುದ್ಧ ಬಿದಿಗೆಯ ರೂಪಾಂತರ. ಇದನ್ನು ಹೇಳುವವುಗಳಲ್ಲಿ ಮುಖ್ಯವಾದದ್ದು ಮಲ್ಹಾರ ರಾಮರಾವ್ ಚಿಟ್ನಿಸರ ಬಖರು, ಅಂದರೆ ಮರಾಠಿ ಗದ್ಯದಲ್ಲಿ ಬರೆದ ಚರಿತ್ರೆ. ಅದು ರಚಿತವಾದದ್ದು 1810ರ ಸುಮಾರಿಗೆ, ಅಂದರೆ ಶಿವಾಜಿ ಹುಟ್ಟಿ ನೂರೆಂಬತ್ತು ವರ್ಷಗಳಾದ ಮೇಲೆ.

1630 ಎಂಬುದು ಶಕ 1551ರ ಫಾಲ್ಗುಣ ಬಹುಳ ತದಿಗೆ. ಇದನ್ನು ಹೇಳುವ ಜೇಧೆ ಶಕಾವಲಿ ಎಂಬ ದಾಖಲೆ ಶಿವಾಜಿಯ ಒಡನಾಡಿಯಾಗಿದ್ದ ಕಾನ್ಹೋಜಿ ಜೇಧೆಯ ಮನೆತನದಲ್ಲಿ ಉಳಿದುಬಂದದ್ದು; ಲೋಕಮಾನ್ಯ ತಿಲಕರ ಮೂಲಕ 1916ರಲ್ಲಿ ಅದು ಪ್ರಕಟವಾಯಿತು. ಅದು ಕಥನವಲ್ಲ, ಘಟನೆಗಳನ್ನು ತಿಥಿಯ ಕ್ರಮದಲ್ಲಿ ಚುಟುಕಾಗಿ ಬರೆದಿಟ್ಟ ಟಿಪ್ಪಣಿ. ಮುಂದೆ 1927ರಲ್ಲಿ ಪ್ರಕಟವಾದ ಸಂಸ್ಕೃತ ಕಾವ್ಯ ‘ಶಿವಭಾರತ’ವೂ ಅದೇ ತಿಥಿಯನ್ನು ಹೇಳಿತು. ಅದರ ಕವಿ ಪರಮಾನಂದ ಶಿವಾಜಿಯ ಆಶ್ರಯದಲ್ಲೇ ಇದ್ದವನು. ರಾಜಸ್ಥಾನದ ಜೋಧಪುರದಲ್ಲಿ ದೊರೆತ ಜಾತಕ ಸಂಗ್ರಹವೊಂದರಲ್ಲಿರುವ ಶಿವಾಜಿಯ ಜಾತಕವೂ 1630ರ ಕಡೆಗೇ ನಿಲ್ಲುತ್ತದೆ.

ಆದರೆ ‘ಒಂದು ಕಡೆ ಒಂದು ಬಖರು, ಇನ್ನೊಂದು ಕಡೆ ಮೂರು ದಾಖಲೆಗಳು’ ಎಂದು ತಲೆ ಎಣಿಸಿ ತೀರ್ಮಾನಿಸುವುದು ಸರಿಯಲ್ಲ. 1549ನ್ನು ಹೇಳುವ ಬಖರುಗಳೂ ಒಂದಕ್ಕಿಂತ ಹೆಚ್ಚಿವೆ. ಅವು ಒಂದನ್ನು ನೋಡಿ ಇನ್ನೊಂದು ಬರೆದವಾಗಿದ್ದರೆ ಎಷ್ಟೇ ಇದ್ದರೂ ಸಾಕ್ಷಿ ಒಂದೇ. 1630ರ ಪಕ್ಷಕ್ಕೆ ಬಲ ಬರುವುದು ಮಾವಳ ಸೀಮೆಯ ದೇಶಮುಖರಾದ ಜೇಧೆಯವರ ಮನೆಯ ಟಿಪ್ಪಣಿ, ಆಸ್ಥಾನ ಕವಿಯ ಕಾವ್ಯ, ಜೋಧಪುರದ ಜಾತಕ ಸಂಗ್ರಹ ಇವು ಪರಸ್ಪರ ದೂರದವಾಗಿದ್ದು, ಒಂದನ್ನೊಂದು ನಕಲು ಮಾಡಿರುವ ಸಾಧ್ಯತೆ ಕಡಿಮೆ ಇರುವುದರಿಂದ.

ಎರಡನೆಯ ಪರೀಕ್ಷೆ ಪಂಚಾಂಗದ್ದು. ಜೇಧೆ ಶಕಾವಲಿ ತಿಥಿಯ ಜೊತೆಗೆ ಶುಕ್ಲ ಸಂವತ್ಸರ, ಶುಕ್ರವಾರ, ಹಸ್ತಾ ನಕ್ಷತ್ರ ಎಂಬ ಮೂರು ವಿವರಗಳನ್ನೂ ಕೊಡುತ್ತದೆ. ಶಕ 1549 ಪ್ರಭವವಾದ್ದರಿಂದ 1551 ಶುಕ್ಲವೇ ಆಗಬೇಕು, ಅದು ಸರಿಯಿದೆ. ಲೆಕ್ಕ ಹಾಕಿದರೆ ಆ ತದಿಗೆ ಬೀಳುವುದು 1630ರ ಫೆಬ್ರವರಿ 19ಕ್ಕೆ, ಆ ದಿನ ಶುಕ್ರವಾರವೇ. ಚಂದ್ರನೂ ಹಸ್ತೆಯಲ್ಲೇ ಇದ್ದ. ಇಲ್ಲಿ ಒಂದು ಎಚ್ಚರ ಬೇಕು. ಫಾಲ್ಗುಣ ಮಾಸದ ಹುಣ್ಣಿಮೆ ಫಲ್ಗುನೀ ನಕ್ಷತ್ರಗಳ ಆಸುಪಾಸಿನಲ್ಲೇ ಬರುವುದರಿಂದ, ಅದಾಗಿ ಮೂರನೆಯ ದಿನ ಚಂದ್ರ ಹಸ್ತೆಯಲ್ಲೋ ಅದರ ಪಕ್ಕದ ನಕ್ಷತ್ರದಲ್ಲೋ ಇರುವುದು ಪ್ರತಿ ವರ್ಷದ ಮಾತು. ಹಾಗಾಗಿ ನಕ್ಷತ್ರ ಹೊಂದಿತೆಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ವಾರ ಹಾಗಲ್ಲ, ಅದೇ ತಿಥಿ ಒಂದೊಂದು ವರ್ಷ ಒಂದೊಂದು ವಾರ ಬರುತ್ತದೆ, ಆದ್ದರಿಂದ ಊಹೆಯಿಂದ ಬರೆದ ವಾರ ಹೊಂದಿಕೊಳ್ಳುವ ಅವಕಾಶ ಏಳರಲ್ಲಿ ಒಂದು ಮಾತ್ರ.

ಮೂರನೆಯದಾಗಿ, ಆ ದಾಖಲೆ ಬೇರೆ ಕಡೆ ನಿಜ ಹೇಳುತ್ತದೆಯೇ ಎಂದು ನೋಡಬೇಕು. ಅಫ್ಜಲ್ ಖಾನನ ವಧೆಯನ್ನು ಶಕಾವಲಿ ಶಕ 1581ರ ಮಾರ್ಗಶಿರ ಶುದ್ಧ ಸಪ್ತಮಿ, ಗುರುವಾರ ಎಂದು ದಾಖಲಿಸುತ್ತದೆ. ಅದು 1659ರ ನವೆಂಬರ್ 10, ಗುರುವಾರ. ಹೀಗೆ ಪರೀಕ್ಷಿಸಬಹುದಾದ ಕಡೆಗಳಲ್ಲಿ ನಿಲ್ಲುವ ದಾಖಲೆಯ ಮಾತನ್ನು, ಪರೀಕ್ಷಿಸಲಾಗದ ಕಡೆಯಲ್ಲಿಯೂ ಸ್ವಲ್ಪ ಹೆಚ್ಚು ನಂಬಬಹುದು. ಈ ಎಲ್ಲ ಕಾರಣಗಳಿಂದ 1630 ಹೆಚ್ಚು ಸಂಭವನೀಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಸದಸ್ಯ (ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ): ಸರ್, ನಾನು ಶಕಕ್ಕೆ 78 ಕೂಡಿಸಿ ನೋಡಿದೆ. 1551ಕ್ಕೆ 78 ಸೇರಿಸಿದರೆ 1629 ಬರುತ್ತದೆ. ಹಾಗಾದರೆ 1630 ಕೂಡ ತಪ್ಪಲ್ಲವೇ?

ಉತ್ತರ: ನಿಮ್ಮ ಕೂಡಿಕೆ ಸರಿ, ಆದರೆ ಅದು ಯುಗಾದಿಯಿಂದ ಡಿಸೆಂಬರ್ ಅಂತ್ಯದವರೆಗಿನ ತಿಥಿಗಳಿಗೆ ಮಾತ್ರ ಸಲ್ಲುತ್ತದೆ. ಶಕವರ್ಷ ಚೈತ್ರದಲ್ಲಿ ಆರಂಭವಾಗುವುದರಿಂದ, ಅದರ ಕೊನೆಯ ತಿಂಗಳಾದ ಫಾಲ್ಗುಣ ಬರುವ ಹೊತ್ತಿಗೆ ಇಸವಿ ಬದಲಾಗಿರುತ್ತದೆ. ಆಗ 79 ಕೂಡಿಸಬೇಕು. ಹಳೆಯ ಪುಸ್ತಕಗಳಲ್ಲಿ ಕಾಣುವ ಒಂದು ವರ್ಷದ ವ್ಯತ್ಯಾಸಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟಿದವು. ಒಂದು ದಿನದ ವ್ಯತ್ಯಾಸಕ್ಕೆ ಕಾರಣ ಬೇರೆ: ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ ನಡೆಯುತ್ತದೆ, ಆದ್ದರಿಂದ ನಡುರಾತ್ರಿಯ ನಂತರ ಹುಟ್ಟಿದ ಮಗುವಿನ ಜಾತಕದಲ್ಲಿ ಹಿಂದಿನ ದಿನದ ವಾರವೇ ಇರುತ್ತದೆ. ಆದರೆ ಇವೆರಡೂ ಸೇರಿದರೂ ಮೂರು ವರ್ಷದ ಅಂತರವನ್ನು ವಿವರಿಸಲಾರವು. 1549 ಮತ್ತು 1551 ಮೂಲದಲ್ಲೇ ಬೇರೆಯಾದ ಎರಡು ಪರಂಪರೆಗಳು.

ಸದಸ್ಯ (ಜ್ಯೋತಿಷಿ, ಶಿರಸಿ): ಜಾತಕ ಸಿಕ್ಕಿದ ಮೇಲೆ ಚರ್ಚೆಗೆ ಎಡೆ ಎಲ್ಲಿದೆ? ಗ್ರಹಗಳ ಸ್ಥಾನ ಹೊಂದಿಕೊಂಡರೆ ಆ ತಿಥಿ ನಿಜವೆಂದೇ ಅರ್ಥ. ಗ್ರಹಸ್ಥಿತಿಯನ್ನು ಯಾರೂ ಕಲ್ಪಿಸಿ ಬರೆಯಲಾರರು.

ಉತ್ತರ: ಗ್ರಹಸ್ಥಿತಿಯನ್ನು ಅಂದಾಜಿನಲ್ಲಿ ಬರೆಯಲಾಗದು ಎಂಬಷ್ಟನ್ನು ಒಪ್ಪುತ್ತೇನೆ. ಆದರೆ ಗಣಿತ ಬಲ್ಲವರು ಯಾವ ಹಳೆಯ ದಿನಕ್ಕಾದರೂ ಕುಂಡಲಿ ಹಾಕಬಲ್ಲರು. ಆ ವಿದ್ಯೆ ನಿಮಗೇ ಗೊತ್ತಿದೆ. ತಿಥಿಯನ್ನು ತಪ್ಪಾಗಿ ಕೇಳಿಸಿಕೊಂಡವನು ಆ ತಪ್ಪು ತಿಥಿಗೇ ನಿರ್ದುಷ್ಟವಾದ ಜಾತಕ ಬರೆದರೆ, ಗ್ರಹಗಳೆಲ್ಲ ಹೊಂದುತ್ತವೆ, ಹುಟ್ಟು ಮಾತ್ರ ಹೊಂದುವುದಿಲ್ಲ. ಪಂಚಾಂಗದ ಪರೀಕ್ಷೆ ಕೈತಪ್ಪಿನಿಂದಾದ ದೋಷವನ್ನು ಹಿಡಿಯುತ್ತದೆ. ಬಲ್ಲವನು ಕೂತು ಲೆಕ್ಕ ಹಾಕಿದ್ದನ್ನು ಹಿಡಿಯುವುದಿಲ್ಲ. ಜೇಧೆಯ ವಾರಕ್ಕೂ ಈ ಮಿತಿ ಇದೆ, ಅದಕ್ಕಾಗಿಯೇ ನಾನು ಅದನ್ನೊಂದನ್ನೇ ನೆಚ್ಚಿಲ್ಲ.

ಸದಸ್ಯೆ (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು): ಕಣ್ಣಾರೆ ಕಂಡವರ ಬರಹ ಸಿಕ್ಕಿದ್ದರೆ ಇಷ್ಟೆಲ್ಲ ತೂಗಾಟವೇ ಬೇಕಿರಲಿಲ್ಲ, ಅಲ್ಲವೇ ಸರ್?

ಉತ್ತರ: ಅಕ್ಬರನ ಹುಟ್ಟನ್ನು ನೋಡಿ. ಹುಮಾಯೂನನ ಸೇವಕ ಜೌಹರ್, ಮಗ ಹುಟ್ಟಿದ ಸುದ್ದಿ ದೊರೆಗೆ ಬಂದಾಗ ಬಿಡಾರದಲ್ಲೇ ಇದ್ದವನು. ಕೊಡಲು ಬೇರೇನೂ ಇಲ್ಲದೆ ಹುಮಾಯೂನ್ ಕಸ್ತೂರಿಯನ್ನು ಒಡೆದು ಎಲ್ಲರಿಗೂ ಹಂಚಿದ್ದನ್ನು ದಾಖಲಿಸಿದವನೂ ಅವನೇ. ಅವನು ಹೇಳುವ ದಿನ ಹಿಜರಿ 949ರ ಶಾಬಾನ್ 14. ಆದರೆ ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಅದೇ ವರ್ಷದ ರಜಬ್ 5 ಎನ್ನುತ್ತಾನೆ, ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ ರಜಬ್ 4 ಎನ್ನುತ್ತಾಳೆ. ಇವರಿಬ್ಬರೂ ಹೇಳುವ ವಾರ ಭಾನುವಾರವೇ, ಅಂದರೆ 1542ರ ಅಕ್ಟೋಬರ್ 15. ಚಂದ್ರದರ್ಶನದಿಂದ ತಿಂಗಳು ಎಣಿಸುವಾಗ ಒಂದು ದಿನದ ಏರುಪೇರು ಸಹಜ. ಜೌಹರನ ತಿಥಿ ಅದಕ್ಕಿಂತ ಐದು ವಾರಕ್ಕೂ ಹೆಚ್ಚು ಈಚಿನದು.

ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಜೌಹರನನ್ನೇ ನಂಬಿ, ಆಸ್ಥಾನದವರು ತಿಥಿಯನ್ನು ಬೇಕೆಂದೇ ಬದಲಿಸಿದರೆಂದು ವಾದಿಸಿದರು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಜೌಹರ್ ಬರೆಯಲು ಕೂತದ್ದು ಘಟನೆಯಾಗಿ ಸುಮಾರು ನಲವತ್ತೈದು ವರ್ಷಗಳ ಮೇಲೆ. ಕಸ್ತೂರಿಯ ಪರಿಮಳ ಅಷ್ಟು ಕಾಲ ನೆನಪಿನಲ್ಲಿ ಉಳಿಯುತ್ತದೆ, ತಿಂಗಳಿನ ಹೆಸರು ಉಳಿಯಬೇಕೆಂದಿಲ್ಲ. ಹಾಗೆಂದು ಸ್ಮಿತ್ ಅವರ ಸಂದೇಹವನ್ನು ತಳ್ಳಿಹಾಕಲೂ ಆಗದು: ರಾಜನ ಜಾತಕ ಆಸ್ಥಾನದ ಸ್ವತ್ತು, ಶುಭವಾದ ಗಳಿಗೆಯನ್ನು ಆಯ್ದುಕೊಳ್ಳುವ ಆಸೆ ಆಸ್ಥಾನಕ್ಕೆ ಇದ್ದೇ ಇರುತ್ತದೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಸದಸ್ಯ (ಹೊಸಪೇಟೆ): ನಮ್ಮೂರಿನ ಕಡೆಯ ಮಾತು ಕೇಳುತ್ತೇನೆ. ಶ್ರೀಕೃಷ್ಣದೇವರಾಯನ ಹುಟ್ಟಿನ ದಿನವನ್ನು ಹಂಪಿಯ ಶಾಸನದಿಂದ ತೆಗೆಯಬಹುದಲ್ಲವೇ? ಕಲ್ಲಿನ ಮೇಲೆ ಕೆತ್ತಿದ್ದು ತಪ್ಪಾಗಲಾರದು.

ಉತ್ತರ: ಶಾಸನಗಳು ದಾನ ಕೊಟ್ಟ ದಿನವನ್ನು ಹೇಳುತ್ತವೆ, ರಾಜ ಹುಟ್ಟಿದ ದಿನವನ್ನು ಹೇಳುವುದು ತೀರ ಅಪರೂಪ. ಕಲ್ಲಿನಲ್ಲಿಯೂ ತೊಡಕು ಇಲ್ಲದಿಲ್ಲ. ವಿರೂಪಾಕ್ಷ ದೇವಾಲಯದಲ್ಲಿರುವ, ಕೃಷ್ಣದೇವರಾಯನ ಪಟ್ಟಾಭಿಷೇಕವನ್ನು ನೆನೆಯುವ ಶಾಸನದಲ್ಲಿ ಶಕ 1430 ಎಂದೂ ಶುಕ್ಲ ಸಂವತ್ಸರದ ಮಾಘ ಶುದ್ಧ ಚತುರ್ದಶಿ ಎಂದೂ ಇದೆ. ಆದರೆ ಶುಕ್ಲ ಬರುವುದು ಶಕ 1431ಕ್ಕೆ. ಅಂಕಿಯನ್ನು ನಂಬಿದರೆ 1509ರ ಆರಂಭ, ಸಂವತ್ಸರದ ಹೆಸರನ್ನು ನಂಬಿದರೆ 1510ರ ಆರಂಭ. ಇಂಥಲ್ಲಿ ನಾನು ಹೆಸರಿನ ಕಡೆಗೆ ವಾಲುತ್ತೇನೆ, ಏಕೆಂದರೆ ಜನ ದಿನವೂ ಬಳಸುತ್ತಿದ್ದದ್ದು ಸಂವತ್ಸರದ ಹೆಸರನ್ನು. ಅಂಕಿಯಲ್ಲಿ ಒಂದು ಹೆಚ್ಚು ಕಡಿಮೆಯಾಗುವುದು ಸುಲಭ, ಹೆಸರು ಮರೆಯುವುದು ಕಷ್ಟ.

ಸದಸ್ಯ (ಪುಣೆ): ಇಲ್ಲಿ ಕೆಲವರು ಫೆಬ್ರವರಿ 19ಕ್ಕೆ ಜಯಂತಿ ಮಾಡುತ್ತಾರೆ, ಕೆಲವರು ತಿಥಿಯಂತೆ ಮಾಡುತ್ತಾರೆ. ಯಾವುದು ಸರಿ ಎಂದು ಹೇಳಿಬಿಡಿ.

ಉತ್ತರ: ಮೇಡಂ ಕೇಳಿದ್ದು ಆಚರಣೆಯ ವಿಷಯವಲ್ಲ, ಆದರೂ ಇದರಲ್ಲಿ ಕಾಲಗಣನೆಯ ಒಂದು ಅಂಶ ಇದೆ. ಫೆಬ್ರವರಿ 19 ಎಂಬುದು ಆ ಕಾಲದ ಇಂಗ್ಲಿಷರು ಬಳಸುತ್ತಿದ್ದ ಜೂಲಿಯನ್ ಪದ್ಧತಿಯ ದಿನಾಂಕ. ನಾವು ಇಂದು ಬಳಸುವ ಗ್ರೆಗೋರಿಯನ್ ಪದ್ಧತಿಯಲ್ಲಿ ಅದು 1630ರ ಮಾರ್ಚ್ 1. ಎರಡು ಪುಸ್ತಕಗಳಲ್ಲಿ ಹತ್ತು ದಿನದ ಅಂತರ ಕಂಡರೆ, ಒಬ್ಬರು ಪದ್ಧತಿ ಬದಲಿಸಿದ್ದಾರೆ, ಇನ್ನೊಬ್ಬರು ಇಲ್ಲ ಎಂದು ತಿಳಿಯಬೇಕು. ಯಾವ ದಿನ ಜಯಂತಿ ಮಾಡಬೇಕೆಂಬುದನ್ನು ಅಲ್ಲಿನವರೇ ನಿರ್ಧರಿಸಲಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಒಂದೇ ಒಂದು ಉಳಿದಿದೆ. 1627 ತಪ್ಪಾಗಿದ್ದರೆ, ಆ ತಪ್ಪು ಎಲ್ಲಿಂದ ಬಂತು?

ಉತ್ತರ: ಇದಕ್ಕೆ ನನ್ನನ್ನು ಒಪ್ಪಿಸುವಂಥ ವಿವರಣೆಯನ್ನು ನಾನು ಇದುವರೆಗೆ ಕಂಡಿಲ್ಲ. ವೈಶಾಖ ಶುದ್ಧ ಬಿದಿಗೆ ಅಕ್ಷಯ ತದಿಗೆಯ ಹಿಂದಿನ ದಿನವಾದ್ದರಿಂದ ಶುಭವೆಂದು ಆರಿಸಿಕೊಂಡಿರಬಹುದೆಂದು ಊಹಿಸಬಹುದು, ಆದರೆ ಹಾಗಿದ್ದರೆ ತದಿಗೆಯನ್ನೇ ಬಿಟ್ಟದ್ದೇಕೆ, ವರ್ಷವನ್ನೂ ಬದಲಿಸಿದ್ದೇಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಇನ್ನೊಂದು ಸಂಗತಿ ಗಮನಿಸಿ: ಶಿವಾಜಿಯ ಬಳಿಯೇ ಕೆಲಸ ಮಾಡಿದ್ದ ಕೃಷ್ಣಾಜಿ ಅನಂತ ಸಭಾಸದ, 1697ರ ಸುಮಾರಿಗೆ ಜಿಂಜಿಯಲ್ಲಿ ಬಖರು ಬರೆದಾಗ, ಹುಟ್ಟಿದ ತಿಥಿಯನ್ನು ಕೊಡಲೇ ಇಲ್ಲ. ಮೊದಲ ಬಖರುಕಾರ ಬಿಟ್ಟ ಆ ಜಾಗದಲ್ಲಿ ನಂತರದವರು ತಮ್ಮ ಮನೆತನದಲ್ಲೋ ಊರಿನಲ್ಲೋ ಕೇಳಿದ್ದನ್ನು ತುಂಬಿರಬಹುದು. ಸಭಾಸದನಿಂದ ಚಿಟ್ನಿಸರವರೆಗಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ 1549 ಮೊದಲು ಯಾವ ಪ್ರತಿಯಲ್ಲಿ ಕಾಣಿಸಿಕೊಂಡಿತೆಂದು ಹುಡುಕಿದರೆ ಮಾತ್ರ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆ ಕೆಲಸಕ್ಕೆ ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿ ಓದಲು ಬರಬೇಕು. ನಿಮ್ಮ ಜಿಲ್ಲೆಯಲ್ಲಿ ಅದನ್ನು ಬಲ್ಲ ಹಿರಿಯರು ಈಗಲೂ ಸಿಕ್ಕಾರು.