ಮುರುಗಲು ಸಿರಪ್ ಘಟಕ: ಎಷ್ಟು ಬಾಟಲಿ, ಯಾವ ದರದವರೆಗೆ ತಡೆದೀತು?

ಕುಮಟಾದಿಂದ ಪ್ರಶ್ನೆ
ಮುರುಗಲು ಸಿರಪ್ಪಿನ ಸಣ್ಣ ಘಟಕ ಹಾಕುವ ಯೋಚನೆ. ಶೆಡ್, ಯಂತ್ರಕ್ಕೆ 20 ಲಕ್ಷ, ದುಡಿಯುವ ಬಂಡವಾಳ 4 ಲಕ್ಷ (ಕೊನೆಗೆ ವಾಪಸ್). ವರ್ಷಕ್ಕೆ 30,000 ಬಾಟಲಿ, ಅಂಗಡಿಗೆ ಕೊಡುವ ದರ 120 ರೂ. ಬಾಟಲಿಗೆ ಖರ್ಚು 75 ರೂ., ಸಂಬಳ-ಬಾಡಿಗೆ ವರ್ಷಕ್ಕೆ 6 ಲಕ್ಷ. 5 ವರ್ಷ, 12% ಹಿಡಿದು ಎನ್‌ಪಿವಿ 5.31 ಲಕ್ಷ ಬಂತು. ಮಾರಾಟ, ದರ, ಖರ್ಚು ಎಷ್ಟು ಏರುಪೇರಾದರೂ ತಡೆದೀತು? ಗೊತ್ತಿದ್ದವರು ಹೇಳಿ.

ಹೊನ್ನಾವರ, ಕಿರಾಣಿ ಸಗಟು
ಲೆಕ್ಕ ಸರಳ ಅಕ್ಕಾ. ಬಾಟಲಿಗೆ ಉಳಿಯುವುದು 45 ರೂ. ಸಂಬಳ-ಬಾಡಿಗೆ 6 ಲಕ್ಷ, ಸವಕಳಿ ವರ್ಷಕ್ಕೆ 4 ಲಕ್ಷ, ಒಟ್ಟು 10 ಲಕ್ಷ. 45ರಿಂದ ಭಾಗಿಸಿದರೆ 22,222 ಬಾಟಲಿ. ನೀವು 30,000 ಹೇಳುತ್ತಿದ್ದೀರಿ. ಕಾಲು ಭಾಗ ಮಾರಾಟ ಬಿದ್ದರೂ ಹೆದರಿಕೆ ಇಲ್ಲ.

ಶಿರಸಿ, ಪ್ರಾಜೆಕ್ಟ್ ರಿಪೋರ್ಟ್ ಕೆಲಸ
ಮೇಲಿನವರ 22,222 ಲಾಭ-ನಷ್ಟ ಪಟ್ಟಿಗೆ ಸರಿ. ಆದರೆ ಅಷ್ಟೇ ಮಾರಿದರೆ ಹಾಕಿದ 20 ಲಕ್ಷ ಐದು ವರ್ಷದಲ್ಲಿ ಹಾಗೇ ವಾಪಸ್ ಬರುತ್ತದೆ, ಅಷ್ಟೇ. ಆ ದುಡ್ಡು ಬೇರೆಲ್ಲಾದರೂ ಇದ್ದಿದ್ದರೆ ಗಳಿಸುತ್ತಿದ್ದ 12% ಅದರಲ್ಲಿ ಇಲ್ಲ. ಎನ್‌ಪಿವಿ ಸೊನ್ನೆಯಾಗುವ ಬಿಂದು ಬೇರೆಯೇ, ಅದನ್ನು ಹಿಂದಿನಿಂದ ಹಿಡಿಯಬೇಕು.

ಒಟ್ಟು ಹಾಕುವುದು 24 ಲಕ್ಷ. ಐದನೇ ವರ್ಷದ ಕೊನೆಗೆ ಬರುವ 4 ಲಕ್ಷಕ್ಕೆ ಇವತ್ತಿನ ಬೆಲೆ 2.27 ಲಕ್ಷ. ಉಳಿದ 21.73 ಲಕ್ಷವನ್ನು ವರ್ಷವರ್ಷದ ನಗದು ತೀರಿಸಬೇಕು. 12%ಕ್ಕೆ ಐದು ವರ್ಷದ ಗುಣಕ 3.6048, ಅದರಿಂದ ಭಾಗಿಸಿದರೆ ವರ್ಷಕ್ಕೆ 6.03 ಲಕ್ಷ ಕೈಗೆ ಉಳಿಯಬೇಕು. ಅದಕ್ಕೆ ಸಂಬಳ-ಬಾಡಿಗೆಯ 6 ಲಕ್ಷ ಸೇರಿಸಿ 45ರಿಂದ ಭಾಗಿಸಿ: ಸುಮಾರು 26,730 ಬಾಟಲಿ. ಸವಕಳಿ ಇಲ್ಲಿ ಬರುವುದೇ ಇಲ್ಲ, ಯಂತ್ರದ ದುಡ್ಡನ್ನು ಮೊದಲೇ ಪೂರ್ತಿ ಕಳೆದಾಗಿದೆ. ಹಾಗಾಗಿ ನಿಮ್ಮ ಮಾರಾಟ ತಡೆದುಕೊಳ್ಳುವುದು ಕಾಲು ಭಾಗವಲ್ಲ, ಬರೀ 11%.

ಈಗ ನಿಮ್ಮ ಅಂದಾಜಿನ ನಗದು ವರ್ಷಕ್ಕೆ 7.5 ಲಕ್ಷ, ಬೇಕಾದ್ದು 6.03. ನಡುವಿನ 1.47 ಲಕ್ಷವೇ ನಿಮ್ಮ ಸಡಿಲು. 30,000 ಬಾಟಲಿಗೆ ಹಂಚಿದರೆ ಬಾಟಲಿಗೆ 4 ರೂ. 91 ಪೈಸೆ. ದರ 120ರಿಂದ 115.09ಕ್ಕೆ ಇಳಿದರೆ, ಅಂದರೆ 4% ಇಳಿದರೆ ಮುಗಿಯಿತು. ಖರ್ಚು 75ರಿಂದ 79.91ಕ್ಕೆ, ಅಂದರೆ 6.5% ಏರಿದರೂ ಅಷ್ಟೇ. ಸಂಬಳ-ಬಾಡಿಗೆ ಮಾತ್ರ 24% ಏರಿದರೂ ತಡೆಯುತ್ತದೆ. ಎಲ್ಲಕ್ಕಿಂತ ನಾಜೂಕು ದರ, ಯಾಕೆಂದರೆ ಇಳಿದ ಪ್ರತಿ ರೂಪಾಯಿಯೂ ನೇರ ಉಳಿಕೆಯಿಂದಲೇ ಹೋಗುತ್ತದೆ. ಮಾರಾಟ ಇಳಿದಾಗ ಹಾಗಲ್ಲ, ಮಾರದ ಬಾಟಲಿಯ 75 ರೂಪಾಯಿ ಖರ್ಚೂ ಇಲ್ಲದಾಗುತ್ತದೆ. ಇದೆಲ್ಲ ತೆರಿಗೆಗೆ ಮೊದಲಿನ ಲೆಕ್ಕ. 120ರಲ್ಲಿ ಜಿಎಸ್‌ಟಿ ಸೇರಿದ್ದರೆ ಅದನ್ನು ತೆಗೆದು ಮತ್ತೆ ಮಾಡಿ.

ಹೊನ್ನಾವರ, ಕಿರಾಣಿ ಸಗಟು
ಸವಕಳಿ ವಿಷಯ ಒಪ್ಪಿದೆ. ಆದರೆ ದರ 120ಕ್ಕೇ ಅಂಟಿಕೊಂಡು ಕೂತರೆ ಅಂಗಡಿಯವರು ಹೊಸ ಸರಕು ಇಡುವುದಿಲ್ಲ. ಹನ್ನೆರಡಕ್ಕೆ ಒಂದು ಉಚಿತ ಎಂದು ಕೊಟ್ಟರೆ ಮಾರಾಟ ತಾನಾಗಿ ಏರುತ್ತದೆ.

ಶಿರಸಿ, ಪ್ರಾಜೆಕ್ಟ್ ರಿಪೋರ್ಟ್ ಕೆಲಸ
ಹೆಚ್ಚಿನವರ ಲೆಕ್ಕದಲ್ಲಿ ಕಾಣದೇ ಹೋಗುವ ಜಾಗವೇ ಅದು. ಹನ್ನೆರಡಕ್ಕೆ ಒಂದು ಉಚಿತ ಎಂದರೆ 13 ಬಾಟಲಿಗೆ 1,440 ರೂ. ಬಿಲ್ಲಿನಲ್ಲಿ 120 ಎಂದೇ ಇದ್ದರೂ ನಿಜವಾದ ದರ 110.77. ಸೊನ್ನೆಯ ಗೆರೆ 115.09, ಅದರಿಂದ ನಾಲ್ಕು ರೂಪಾಯಿಗೂ ಹೆಚ್ಚು ಕೆಳಗೆ. ಇಪ್ಪತ್ನಾಲ್ಕಕ್ಕೆ ಒಂದು ಕೊಟ್ಟರೆ 115.20, ಗೆರೆಯ ಮೇಲೆ 11 ಪೈಸೆ.

ಮಾರಾಟ ಏರುತ್ತದೆ ಎನ್ನುವುದು ನಿಜವಿರಬಹುದು. ಅದಕ್ಕೇ ದರ ಮತ್ತು ಮಾರಾಟ ಎರಡನ್ನೂ ಒಟ್ಟಿಗೆ ಬದಲಿಸಿ ನೋಡಬೇಕು. ದರ 110 ಮಾಡಿದರೆ ಬಾಟಲಿಗೆ ಉಳಿಯುವುದು 35 ರೂ. ಆಗ ಬರೀ ಸೊನ್ನೆಗೆ ಬರಲು 34,370 ಬಾಟಲಿ ಬೇಕು, ಈಗಿನ 5.31 ಲಕ್ಷ ಉಳಿಸಿಕೊಳ್ಳಲು 38,570. ಮುರುಗಲು ಏಪ್ರಿಲ್-ಮೇ ಹಣ್ಣು. ವರ್ಷದ ಸರಕಿಗೆಲ್ಲ ಸಿಪ್ಪೆಗೆ ಸಕ್ಕರೆ ಹಾಕಿಡುವುದು ಅದೇ ಕೆಲವು ವಾರದಲ್ಲಿ. 38,570 ಬಾಟಲಿಗೆ ಸಾಲುವಷ್ಟು ಡ್ರಮ್ಮು, ಜಾಗ ಇದೆಯೇ ನೋಡಿ. ಇಲ್ಲದಿದ್ದರೆ 20 ಲಕ್ಷವೂ, ಹಣ್ಣು-ಸಕ್ಕರೆಗೆ ಇಟ್ಟ 4 ಲಕ್ಷವೂ ಮೇಲೆ ಹೋಗುತ್ತವೆ, ಸೊನ್ನೆಯ ಗೆರೆ ಮತ್ತೆ ಮುಂದೆ ಸರಿಯುತ್ತದೆ.

ತದಡಿ, ಐಸ್ ಫ್ಯಾಕ್ಟರಿ
ನಮ್ಮ ಐಸ್ ಬ್ಲಾಕಿಗೂ ಇದೇ ಕ್ರಮ ನಡೆದೀತೇ? ದಿನಕ್ಕೆ ಇಷ್ಟು ಬ್ಲಾಕು ಎಂದು ಹಿಡಿದು 365ರಿಂದ ಗುಣಿಸಿದ್ದೇನೆ.

ಶಿರಸಿ, ಪ್ರಾಜೆಕ್ಟ್ ರಿಪೋರ್ಟ್ ಕೆಲಸ
ಕ್ರಮ ಅದೇ, 365 ತಪ್ಪು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, 61 ದಿನ. 304 ದಿನಕ್ಕೇ ಲೆಕ್ಕ ಹಾಕಿ. ಆ ಎರಡು ತಿಂಗಳೂ ಕಟ್ಟಬೇಕಾದ ಕರೆಂಟಿನ ನಿಗದಿ ಶುಲ್ಕ, ಸಂಬಳವನ್ನು ವರ್ಷದ ಖರ್ಚಿಗೆ ಸೇರಿಸಿ.

ಕುಮಟಾದಿಂದ ಪ್ರಶ್ನೆ
ಬಾಟಲಿಯ 75ರಲ್ಲಿ ಹಣ್ಣು 20, ಸಕ್ಕರೆ 25, ಬಾಟಲಿ-ಮುಚ್ಚಳ-ಲೇಬಲ್ 14, ಸಾಗಾಣಿಕೆ 9, ತುಂಬುವ ಕೂಲಿ 7. ಮಳೆ ಬೇಗ ಬಂದು ಹಣ್ಣು ಹಾಳಾದ ವರ್ಷ ಹಣ್ಣಿಗೆ 30% ಹೆಚ್ಚು ಕೊಡಬೇಕಾದರೆ ಯೋಜನೆ ಬಿದ್ದಂತೆಯೇ?

ಶಿರಸಿ, ಪ್ರಾಜೆಕ್ಟ್ ರಿಪೋರ್ಟ್ ಕೆಲಸ
ಐದೂ ವರ್ಷ ಹಾಗಾದರೆ ಹೌದು. ಬಾಟಲಿಗೆ 6 ರೂ. ಏರಿ ಖರ್ಚು 81 ಆಗುತ್ತದೆ, ಗೆರೆ 79.91. ಒಂದೇ ವರ್ಷ ಆದರೆ ನಷ್ಟ 1.8 ಲಕ್ಷ. ಅದು ಮೊದಲ ವರ್ಷವೇ ಬಂದರೂ ಇವತ್ತಿನ ಬೆಲೆ 1.61 ಲಕ್ಷ, ಎನ್‌ಪಿವಿ 3.70 ಲಕ್ಷ ಉಳಿಯುತ್ತದೆ. ‘ಖರ್ಚು 10% ಹೆಚ್ಚು’ ಎಂದು ಎಲ್ಲ ವರ್ಷಕ್ಕೂ ಒಂದೇ ಸಮ ಹಾಕುವ ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ನನಗೆ ಹಣ್ಣಿಗಿಂತ ಹೆಚ್ಚು ಚಿಂತೆ ಮೊದಲ ವರ್ಷದ ಮಾರಾಟದ್ದು. ಹೊಸ ಹೆಸರಿನ ಸಿರಪ್ಪು ಮೊದಲ ವರ್ಷವೇ 30,000 ಹೋಗುತ್ತದೆ ಎಂದು ಯಾಕೆ ಹಿಡಿದಿರಿ? ಆ ಒಂದು ವರ್ಷ 15,000 ಹೋಗಿ, ಉಳಿದ ನಾಲ್ಕು ವರ್ಷ ನೀವಂದಂತೆ ಆದರೂ 6.75 ಲಕ್ಷ ಕಡಿಮೆ ಬರುತ್ತದೆ. ಇವತ್ತಿನ ಬೆಲೆಗೆ 6.03 ಲಕ್ಷ. ಎನ್‌ಪಿವಿ ಸೊನ್ನೆಗಿಂತ 72 ಸಾವಿರ ಕೆಳಗೆ.

ಅಂಕೋಲಾ, ಸಹಕಾರ ಸಂಘದ ಲೆಕ್ಕಪತ್ರ
ಶೀಟಿನಲ್ಲಿ ಒಂದು ಜಾಗ ನೋಡಿಕೊಳ್ಳಿ. `NPV` ಫಂಕ್ಷನ್ ತನ್ನೊಳಗಿನ ಮೊದಲ ಅಂಕಿಯನ್ನು ಒಂದನೇ ವರ್ಷದ ಕೊನೆಯದ್ದು ಎಂದು ತಿಳಿಯುತ್ತದೆ. ಇವತ್ತು ಹಾಕುವ 24 ಲಕ್ಷವನ್ನೂ ಅದರೊಳಗೇ ಸೇರಿಸಿದರೆ ನಿಮ್ಮ 5.31 ಬದಲು 4.74 ತೋರಿಸುತ್ತದೆ. ಅದನ್ನು ಹೊರಗಿಡಿ. `B3`ಯಲ್ಲಿ -2400000, `C3`ಯಿಂದ `G3`ವರೆಗೆ ಐದು ವರ್ಷದ ನಗದು, `G3`ಯಲ್ಲಿ ವಾಪಸ್ ಬರುವ 4 ಲಕ್ಷವೂ ಸೇರಿರಲಿ.

```
=B3+NPV(12%,C3:G3)
```

ವರ್ಷವರ್ಷದ ಬಾಟಲಿ ಬೇರೆ ಬೇರೆಯಾದ ಮೇಲೆ ಭಾಗಾಕಾರದಿಂದ ಗೆರೆ ಸಿಗುವುದಿಲ್ಲ. ದರವನ್ನು ಒಂದೇ ಸೆಲ್ಲಿನಲ್ಲಿಟ್ಟು `Goal Seek`ನಲ್ಲಿ `To value` 0 ಕೊಡಿ, `By changing cell`ಗೆ ಆ ಸೆಲ್ಲು. ಸಾಲದ ಕಂತು, ಬಡ್ಡಿ ಎರಡನ್ನೂ ನಗದಿನ ಸಾಲಿನಲ್ಲಿ ಕಳೆಯಬೇಡಿ. 24 ಲಕ್ಷವನ್ನು ಮೊದಲೇ ಕಳೆದು 12%ವನ್ನೂ ಹಾಕಿದ ಮೇಲೆ ಅದು ಎರಡು ಸಲ ಕಳೆದಂತೆ.

ಹೊನ್ನಾವರ, ಕಿರಾಣಿ ಸಗಟು
ಹಾಗಾದರೆ ಮೊದಲ ವರ್ಷ ಮಾತ್ರ ಉಚಿತ ಬಾಟಲಿ ಕೊಟ್ಟು, ಮುಂದೆ 120ಕ್ಕೆ ನಿಲ್ಲಿಸಬಹುದಲ್ಲ? 15,000 ಹೋಗುವುದರ ಬದಲು 25,000 ಹೋದರೆ?

ಶಿರಸಿ, ಪ್ರಾಜೆಕ್ಟ್ ರಿಪೋರ್ಟ್ ಕೆಲಸ
25,000 ಬಾಟಲಿಗೆ 110.77ರಂತೆ ಉಳಿಯುವುದು 8.94 ಲಕ್ಷ. 15,000ಕ್ಕೆ 120ರಂತೆ 6.75. ಆ ವರ್ಷದ ಮಟ್ಟಿಗೆ ನೀವು ಹೇಳುವುದೇ ಮೇಲು. ಆದರೆ ಎರಡನೇ ವರ್ಷ ಉಚಿತ ನಿಲ್ಲಿಸಿದಾಗ ಅಂಗಡಿಯವರು ಒಪ್ಪುತ್ತಾರೋ ಇಲ್ಲವೋ ಎಂಬುದಕ್ಕೆ ಶೀಟಿನಲ್ಲಿ ಉತ್ತರವಿಲ್ಲ. ಕುಮಟಾ, ಹೊನ್ನಾವರದ ನಾಲ್ಕೈದು ಅಂಗಡಿಯಲ್ಲಿ ಅದನ್ನೇ ಕೇಳಿಕೊಂಡು ಬಂದು ಅಂಕಿ ಹಾಕಿ ಅಕ್ಕಾ.